ಡಾಕ್ಟರ್ ಮುಂದೆ ಹೊಟ್ಟೆನೋವನ್ನು ಸ್ಪ್ಯಾನಿಷ್‌ನಲ್ಲಿ ಕೇಳುವುದು ಹೇಗೆ?

ಪ್ರಶ್ನೆ: ಚಿಕ್ಕಮಗಳೂರಿನ ನಮ್ಮ ಹೋಂಸ್ಟೇಯಲ್ಲಿರುವ ಸ್ಪೇನ್ ಅತಿಥಿಗೆ ಹೊಟ್ಟೆನೋವು. ನನಗೆ ಸ್ವಲ್ಪ ಸ್ಪ್ಯಾನಿಷ್ ಬರುತ್ತೆ. ಡಾಕ್ಟರ್ ಹತ್ತಿರ ನಾನೇ ಮಾತಾಡಿಸಬೇಕು. ಏನೇನು ಕಲಿತಿರಲಿ?

ಮೊದಲು ‘ದೋಂದೆ ಲೆ ದ್ವೆಲೆ?’ ಕಲಿಯಿರಿ. ಎಲ್ಲಿ ನೋಯುತ್ತೆ ಅಂತ. ಅವರು ‘ಅಕಿ’ (ಇಲ್ಲಿ) ಎಂದು ಕೈ ಇಡುತ್ತಾರೆ. ಆಮೇಲೆ ‘ದೆಸ್ದೆ ಕ್ವಾಂದೊ?’, ಯಾವಾಗಿನಿಂದ?

ನೋವು ಎಂಥದ್ದು ಅನ್ನೋದೇ ಡಾಕ್ಟರಿಗೆ ಮುಖ್ಯ. ‘ಅರ್ದೋರ್’ ಅಂದರೆ ಉರಿ, ‘ಪುನ್ಸಾದಾ’ ಚುಚ್ಚಿದಂಥ ನೋವು, ‘ರೆತೊರ್ತಿಹೋನೆಸ್’ ಹೊಟ್ಟೆ ನುಲಿಯುವುದು. ಮೂರನ್ನೂ ಸುಮ್ನೆ ‘ಹೊಟ್ಟೆನೋವು ಸಾರ್’ ಅಂತ ಒಟ್ಟಾಗಿ ಹೇಳಿಬಿಡಬೇಡಿ.

ಡಾಕ್ಟರ್ ಬಲಗಡೆ ಕೆಳಹೊಟ್ಟೆ ಒತ್ತಿ, ತಟ್ಟನೆ ಕೈ ಬಿಟ್ಟರು ಅಂದುಕೊಳ್ಳಿ. ಆಗ ‘ಲೆ ದ್ವೆಲೆ ಮಾಸ್ ಆಲ್ ಅಪ್ರೆತಾರ್ ಓ ಆಲ್ ಸೊಲ್ತಾರ್?’ ಎಂದು ಕೇಳಿ: ಒತ್ತಿದಾಗ ಜಾಸ್ತಿಯೋ, ಬಿಟ್ಟಾಗ ಜಾಸ್ತಿಯೋ? ಅತಿಥಿ ‘ಆಲ್ ಸೊಲ್ತಾರ್’, ಅಂದರೆ ಬಿಟ್ಟಾಗ, ಎಂದು ಉತ್ತರಿಸಿದರೆ ಡಾಕ್ಟರಿಗೆ ಹಾಗೇ ಹೇಳಿ. ಅಪೆಂಡಿಸೈಟಿಸ್ ಅನುಮಾನಕ್ಕೆ ಅದೂ ಒಂದು ಸುಳಿವು. ‘ಅಪೆಂಡಿಕ್ಸ್ ಇರಬಹುದು’ ಅಂತ ನೀವು ಸೇರಿಸಬೇಡಿ, ಆ ತೀರ್ಮಾನ ಡಾಕ್ಟರದ್ದು. ಅರ್ಥವಾಗದ ಪದ ಬಂದರೆ ಊಹಿಸದೆ ‘ರೆಪೀತಾ, ಪೊರ್ ಫಾವೋರ್’ ಎಂದು ಮತ್ತೆ ಹೇಳಿಸಿ.

ಔಷಧಿ ಬರೆಯುವ ಮೊದಲು ‘ತ್ಯೆನೆ ಅಲೆರ್ಹಿಯಾ ಆ ಆಲ್ಗುನ್ ಮೆದಿಕಮೆಂತೊ?’ ಕೇಳಲೇಬೇಕು. ಯಾವುದಾದರೂ ಔಷಧಿ ಒಗ್ಗಲ್ವಾ ಅಂತ.

ಎಂಟು ಗಂಟೆಗೊಂದು ಮಾತ್ರೆ, ಊಟದ ನಂತರ ಎಂದರೆ ‘ಉನಾ ಪಸ್ತಿಯಾ ಕಾದಾ ಓಚೊ ಓರಾಸ್, ದೆಸ್ಪ್ವೆಸ್ ದೆ ಕೊಮೇರ್’. ಹೇಳಿದ ಮೇಲೆ ಅವರ ಬಾಯಲ್ಲೇ ಒಮ್ಮೆ ಹೇಳಿಸಿ. ‘ಸೀ, ಸೀ’ ಎಂದು ತಲೆಯಾಡಿಸಿದರೆ ಸಾಲದು.