ಬಿಎಸ್ಸಿ ಇಲ್ಲದ ಜಿಎನ್‌ಎಂ ನರ್ಸ್, ಅನುಭವದ ಮೇಲೆ ಎಂಎಸ್ಸಿ ಸೀಟು ಕೇಳಿ ಪತ್ರ ಬರೆಯುವುದು ಹೇಗೆ?

"ಜಿಎನ್‌ಎಂ ಮಾಡಿ ಈಗ ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದೇನೆ. ಒಟ್ಟು 9 ವರ್ಷ ಅನುಭವ. ಎಂಎಸ್ಸಿಗೆ ಡಿಗ್ರಿ ಕೇಳುತ್ತಾರೆ, ನನ್ನ ಬಳಿ ಇಲ್ಲ. ಡಿಗ್ರಿ ಬದಲು ಅನುಭವ ಪರಿಗಣಿಸಿ ಅಂತ ಯೂನಿವರ್ಸಿಟಿಗೆ ಹೇಗೆ ಬರೆಯಲಿ? ಮಾದರಿ ಪತ್ರ ಇದ್ದರೆ ಕೊಡಿ."

ಈ ಪತ್ರವನ್ನು ನಾನು ಎರಡು ಸಲ ಬರೆದಿದ್ದೇನೆ. ಮೊದಲನೆಯದು ನೀವು ಈಗ ಬರೆಯಲು ಹೊರಟಿರುವಂಥದ್ದೇ. ಅದರಿಂದ ನನಗೆ ಪೂರ್ತಿ ಒಂದು ವರ್ಷ ಹೋಯಿತು.

ನಾನೂ ಜಿಎನ್‌ಎಂ ಡಿಪ್ಲೊಮಾದವಳು. ಮಂಗಳೂರಿನಲ್ಲಿ ಓದಿ, ಬೆಂಗಳೂರಿನಲ್ಲಿ ಐದು ವರ್ಷ ಐಸಿಯು ಕೆಲಸ ಮಾಡಿ, ಆಮೇಲೆ ಇಲ್ಲಿಗೆ ಬಂದವಳು. ಇಲ್ಲಿನ ಪ್ರಾಯೋಗಿಕ ಪರೀಕ್ಷೆ ಓಎಸ್‌ಸಿಇ ಪಾಸಾಗಿ, ನರ್ಸ್‌ಗಳ ನೋಂದಣಿ ಮಾಡುವ ಎನ್‌ಎಂಸಿಯ ಪಿನ್ ಸಿಕ್ಕ ಮೇಲೆ ಶ್ವಾಸಕೋಶದ ವಾರ್ಡಿಗೆ ಹಾಕಿದರು. ಬ್ಯಾಂಡ್ 6, ಅಂದರೆ ಹಿರಿಯ ನರ್ಸ್ ದರ್ಜೆ ಸಿಕ್ಕಾಗ ಅಡ್ವಾನ್ಸ್ಡ್ ಪ್ರಾಕ್ಟೀಸ್ ಎಂಎಸ್ಸಿ ಮಾಡುವ ಆಸೆ ಹುಟ್ಟಿತು. ಪತ್ರ ಬರೆದೆ. ಕನ್ನಡದಲ್ಲಿ ಹೇಳಿದರೆ ಅದು ಹೀಗಿತ್ತು: "ನನಗೆ 11 ವರ್ಷ ಅನುಭವವಿದೆ. ಕೌಟುಂಬಿಕ ಕಾರಣದಿಂದ ಬಿಎಸ್ಸಿ ಮಾಡಲು ಆಗಲಿಲ್ಲ. ದಯವಿಟ್ಟು ನನ್ನ ಅನುಭವವನ್ನು ಡಿಗ್ರಿಗೆ ಸಮ ಎಂದು ಪರಿಗಣಿಸಿ." ಜೊತೆಗೆ ಮ್ಯಾನೇಜರ್ ಕೊಟ್ಟ ಪತ್ರ, ಬಿಎಲ್‌ಎಸ್, ಮ್ಯಾನುವಲ್ ಹ್ಯಾಂಡ್ಲಿಂಗ್, ಇನ್ಫೆಕ್ಷನ್ ಕಂಟ್ರೋಲ್ ಅಂತ 14 ಸರ್ಟಿಫಿಕೇಟು. ಎರಡು ಸಾಲಿನ ಉತ್ತರ ಬಂತು, ಆಗುವುದಿಲ್ಲ ಅಂತ.

ಅತ್ತುಬಿಟ್ಟೆ. ಆಮೇಲೆ ಧೈರ್ಯ ಮಾಡಿ ಕೋರ್ಸಿನ ಮೇಡಂಗೆ ಫೋನ್ ಮಾಡಿದೆ. ಅವರು ಒಳ್ಳೆಯವರು, ಬಿಡಿಸಿ ಹೇಳಿದರು. ಪ್ರವೇಶದ ನಿಯಮ ಸಡಿಲಿಸುವ ಅಧಿಕಾರ ಅವರಿಗೆ ಇಲ್ಲ. ನಾನು ಕೇಳಿದ್ದು ಅದನ್ನೇ, ರಿಯಾಯಿತಿ. ಆದರೆ ಕೆಲಸ ಮಾಡುತ್ತಾ ಕಲಿತದ್ದು ಡಿಗ್ರಿಯ ಮಟ್ಟದ್ದು ಅಂತ ತೋರಿಸಿದರೆ ಅದನ್ನು ಒಪ್ಪುವ ದಾರಿ ಇಲ್ಲಿನ ಬಹಳಷ್ಟು ಯೂನಿವರ್ಸಿಟಿಗಳಲ್ಲಿದೆ. ಅದಕ್ಕೆ ಆರ್‌ಪಿಎಲ್ ಅನ್ನುತ್ತಾರೆ, ಅಂದರೆ ಹಿಂದಿನ ಕಲಿಕೆಗೆ ಮಾನ್ಯತೆ. ಕೆಲವು ಕಡೆ ಎಪಿಎಲ್ ಅಂತಲೂ ಹೆಸರಿದೆ.

ನನ್ನ ತಪ್ಪು ಇಲ್ಲೇ ಇತ್ತು. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ಓದನ್ನು ಲೆವೆಲ್‌ಗಳಲ್ಲಿ ಅಳೆಯುತ್ತಾರೆ. ಡಿಗ್ರಿಯ ಮೊದಲ ವರ್ಷ ಲೆವೆಲ್ 4, ಕೊನೆಯ ವರ್ಷ 6, ಎಂಎಸ್ಸಿ 7. ಲೆವೆಲ್ 6 ಅಂದರೆ ಕೆಲಸ ಚೆನ್ನಾಗಿ ಮಾಡುವುದಷ್ಟೇ ಅಲ್ಲ. ಆ ಕೆಲಸದ ಹಿಂದಿನ ಪುರಾವೆಯನ್ನು ತೂಗಿ ನೋಡುವುದು, ಅದರ ಕೊರತೆ ಹೇಳುವುದು, ಪೂರ್ತಿ ಮಾಹಿತಿ ಇಲ್ಲದಾಗಲೂ ಕಾರಣ ಕೊಟ್ಟು ತೀರ್ಮಾನ ಮಾಡುವುದು. 11 ವರ್ಷ ಅನ್ನುವ ಅಂಕಿ ಇದರಲ್ಲಿ ಒಂದನ್ನೂ ತೋರಿಸುವುದಿಲ್ಲ. ಮೊದಲ ವರ್ಷ ಮಾಡಿದ್ದನ್ನೇ ಹನ್ನೊಂದು ಸಲ ಮಾಡಿದವರಿಗೂ 11 ವರ್ಷವೇ ಆಗಿರುತ್ತದೆ, ಅಲ್ವಾ? ಆ ಸರ್ಟಿಫಿಕೇಟುಗಳೂ ಅಷ್ಟೇ. ನಮ್ಮ ವಾರ್ಡಿನ ಪ್ರತಿಯೊಬ್ಬರ ಬಳಿಯೂ ಅವು ಇದ್ದವು. ಮ್ಯಾನೇಜರ್ ಪತ್ರದಲ್ಲಿ ನಾನು ಸಮಯಕ್ಕೆ ಬರುತ್ತೇನೆ, ರೋಗಿಗಳ ಜೊತೆ ಪ್ರೀತಿಯಿಂದ ಇರುತ್ತೇನೆ ಅಂತ ಇತ್ತು. ಓದುವವರಿಗೆ ಬೇಕಾದ ಒಂದು ಸಾಲೂ ಅದರಲ್ಲಿ ಇರಲಿಲ್ಲ.

ಹಾಗಾಗಿ ಡಿಗ್ರಿ ಬದಲು ಅನುಭವ ಅನ್ನುವ ನಿಮ್ಮ ಮಾತನ್ನೇ ಬಿಟ್ಟುಬಿಡಿ. ಆ ಮಾತಿನಿಂದ ಶುರುವಾದ ಪತ್ರ ಬೇಡುವ ಪತ್ರವಾಗುತ್ತದೆ. ಮಾದರಿ ಪತ್ರವೂ ಬೇಡ. ಮಾದರಿ ನೋಡಿ ಬರೆದರೆ ಅದು ಮತ್ತೆ ನನ್ನ ಮೊದಲ ಪತ್ರದ ಥರವೇ ಆಗುತ್ತದೆ.

ಎರಡನೇ ಸಲ ನಾನು ಒಂದೇ ಕೆಲಸ ಆರಿಸಿಕೊಂಡೆ. ನಮ್ಮ ವಾರ್ಡಿನಲ್ಲಿ ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯ ರೋಗಿಗಳು ಜಾಸ್ತಿ. ರೋಗಿಯ ಸ್ಥಿತಿಗೆ ಅಂಕ ಕೊಡುವ, ಅಂಕ ಹೆಚ್ಚಿದಷ್ಟೂ ಅಪಾಯ ಅನ್ನುವ ನ್ಯೂಸ್2 ಚಾರ್ಟಿನಲ್ಲಿ ಆಮ್ಲಜನಕಕ್ಕೆ ಎರಡು ಸ್ಕೇಲ್ ಇರುವುದು ನಿಮಗೆ ಗೊತ್ತೇ ಇದೆ. ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುವವರಿಗೆ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟದ ಗುರಿ ಶೇಕಡಾ 88ರಿಂದ 92. ಅವರಿಗೆ ಎರಡನೇ ಸ್ಕೇಲ್, ಅದೂ ಡಾಕ್ಟರ್ ಅಥವಾ ಆ ತೀರ್ಮಾನಕ್ಕೆ ಅರ್ಹರಾದ ಬೇರೆ ಕ್ಲಿನಿಶಿಯನ್ ತೀರ್ಮಾನಿಸಿ ಬರೆದಿದ್ದರೆ ಮಾತ್ರ. ಆಕ್ಸಿಜನ್ ಮೇಲಿರುವ ಅಂಥ ರೋಗಿಗೆ ಸ್ಯಾಚುರೇಶನ್ 90 ಇದ್ದರೆ ಮೊದಲ ಸ್ಕೇಲ್‌ನಲ್ಲಿ 3, ಆಕ್ಸಿಜನ್‌ಗೆ 2, ಒಟ್ಟು 5. ಕೂಡಲೇ ಡಾಕ್ಟರಿಗೆ ಕರೆ ಹೋಗುತ್ತದೆ. ಎರಡನೇ ಸ್ಕೇಲ್‌ನಲ್ಲಿ ಅದೇ ರೋಗಿಗೆ ಬರೀ 2. ಇದಕ್ಕಿಂತ ಭಯದ ಸಂಗತಿ ಉಲ್ಟಾ. ಸ್ಯಾಚುರೇಶನ್ 97 ಇದ್ದರೆ ಮೊದಲ ಸ್ಕೇಲ್ ಸೊನ್ನೆ ಕೊಡುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ. ಎರಡನೆಯದು 3 ಕೊಡುತ್ತದೆ, ಯಾಕೆಂದರೆ ಆಕ್ಸಿಜನ್ ಜಾಸ್ತಿ ಆಗಿದೆ.

ರಾತ್ರಿ ಪಾಳಿಯಲ್ಲಿ ತಪ್ಪು ಸ್ಕೇಲ್ ಹಾಕುವುದು ಕಂಡು ನಾನು 40 ಚಾರ್ಟ್ ತೆಗೆದು ನೋಡಿದ್ದೆ. 13ರಲ್ಲಿ ತಪ್ಪಿತ್ತು. ಕಾರಣ ನರ್ಸ್‌ಗಳ ಅಜ್ಞಾನ ಅಂದುಕೊಂಡಿದ್ದೆ. ನೋಡಿದರೆ ಹೆಚ್ಚಿನ ಕಡೆ ಡಾಕ್ಟರ ಟಿಪ್ಪಣಿಯಲ್ಲಿ ಗುರಿಯೇ ಬರೆದಿರಲಿಲ್ಲ. ಅದಕ್ಕೇ ಪಾಠ ಮಾಡುವ ಬದಲು, ಬೆಳಗಿನ ರೌಂಡಿನಲ್ಲಿ "ಗುರಿ ಎಷ್ಟು, ಯಾವ ಸ್ಕೇಲ್" ಅಂತ ಕೇಳುವ ಪದ್ಧತಿ ತಂದೆವು.

ಪತ್ರದಲ್ಲಿ ಇದನ್ನೇ ಒಂದೂವರೆ ಪುಟ ಬರೆದೆ. ಏನು ಕಂಡೆ, ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಮಾರ್ಗಸೂಚಿ ಏನು ಹೇಳುತ್ತದೆ, ನನ್ನ ಮೊದಲ ಊಹೆ ಯಾಕೆ ತಪ್ಪಾಯಿತು. ನನ್ನ ಲೆಕ್ಕದ ಕೊರತೆಯನ್ನೂ ಬರೆದೆ: ಒಂದೇ ವಾರ್ಡ್, ಸಣ್ಣ ಸಂಖ್ಯೆ, ಚಾರ್ಟ್ ನೋಡಿದವಳೂ ನಾನೇ. ಈ ಕೊನೆಯ ಸಾಲುಗಳನ್ನು ಬರೆಯಲು ಹೆದರಿಕೆಯಾಗಿತ್ತು. ಅವರು ಮೆಚ್ಚಿದ್ದು ಅವನ್ನೇ. ಮ್ಯಾನೇಜರ್‌ಗೂ ಹೊಗಳಿಕೆ ಬೇಡ, ಈ ಕೆಲಸ ಮಾಡಿದ್ದು ಇವಳೇ, ಬದಲಾವಣೆ ಈಗಲೂ ನಡೆಯುತ್ತಿದೆ ಅಂತ ಬರೆದುಕೊಡಿ ಅಂದೆ. ಪತ್ರದ ಕೊನೆಗೆ ಕೇಳಿದ್ದು ಒಂದೇ: "ಪ್ರವೇಶಕ್ಕಾಗಿ ಆರ್‌ಪಿಎಲ್ ಅರ್ಜಿ ಹಾಕಲು ಅವಕಾಶ ಕೊಡುತ್ತೀರಾ, ಯಾವ ಪುರಾವೆ ಬೇಕು?"

ಪ್ರವೇಶಕ್ಕೆ ಅನ್ನುವ ಪದ ಮರೆಯಬೇಡಿ. ಆರ್‌ಪಿಎಲ್‌ನಲ್ಲಿ ಕ್ರೆಡಿಟ್ ಬಿಡಿಸಿಕೊಳ್ಳುವುದು ಬೇರೆ ವಿಷಯ. ಎಂಎಸ್ಸಿಯ 180 ಕ್ರೆಡಿಟ್‌ನಲ್ಲಿ ಸ್ವಲ್ಪ ಕಡಿಮೆ ಮಾಡಿ ಅಂತ ಅದೇ ಪತ್ರದಲ್ಲಿ ಕೇಳಿದರೆ ಎರಡೂ ಗೋಜಲಾಗುತ್ತವೆ.

ನನಗೆ ನೇರ ಸೀಟು ಸಿಗಲಿಲ್ಲ. ಲೆವೆಲ್ 7ರ ಒಂದು ಮಾಡ್ಯೂಲ್ ಮೊದಲು ಮಾಡಿ, 50 ಅಂಕ ಬಂದರೆ ಮುಂದೆ ಸೇರಿಸಿಕೊಳ್ಳುತ್ತೇವೆ ಅಂದರು. 58 ಬಂತು. ನಿಮಗೂ ಇಂಥ ಷರತ್ತು ಹಾಕಿದರೆ ಒಪ್ಪಿಕೊಳ್ಳಿ. ವರ್ಷಗಟ್ಟಲೆ ಪ್ರಬಂಧ ಬರೆಯದ ಕೈಗೆ ಅದು ಬೇಕು. ಶುರುವಿನ ಸಾಮಗ್ರಿ ನಿಮ್ಮ ಬಳಿ ಈಗಾಗಲೇ ಇದೆ. ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವ ರೀವ್ಯಾಲಿಡೇಶನ್‌ಗೆ ನಿಮ್ಮ ಕೆಲಸದ ಬಗ್ಗೆ ಐದು ರಿಫ್ಲೆಕ್ಷನ್ ಬರೆದಿರುತ್ತೀರಲ್ಲ, ಅವನ್ನು ತೆಗೆಯಿರಿ. ಯಾವುದರಲ್ಲಿ ನಿಮ್ಮ ಅಭಿಪ್ರಾಯ ಬದಲಾಗಿದೆಯೋ ಅದನ್ನು ಹಿಡಿಯಿರಿ. ರೋಗಿಯ ಗುರುತು ಸಿಗುವ ಒಂದು ವಿವರವೂ ಉಳಿಯದ ಹಾಗೆ ನೋಡಿಕೊಳ್ಳಿ.

ಇದು ಊರಿನಲ್ಲಿ ನಡೆಯುವುದಿಲ್ಲ. ಭಾರತದಲ್ಲಿ ಎಂಎಸ್ಸಿ ನರ್ಸಿಂಗ್‌ಗೆ ಬಿಎಸ್ಸಿ ಅಥವಾ ಜಿಎನ್‌ಎಂ ಆದವರು ಮಾಡುವ ಪೋಸ್ಟ್ ಬೇಸಿಕ್ ಬಿಎಸ್ಸಿ ಇರಲೇಬೇಕು, ಎಂಥ ಪತ್ರ ಬರೆದರೂ ಅಷ್ಟೇ. ಮುಂದೆ ವಾಪಸ್ ಹೋಗಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಯೋಚನೆ ಇದ್ದರೆ ಈ ಪತ್ರ ಬಿಡಿ, ಎರಡು ವರ್ಷದ ಪೋಸ್ಟ್ ಬೇಸಿಕ್ ಮಾಡಿ. ಇಲ್ಲೇ ಇರುವುದಾದರೆ ಅರ್ಜಿ ಫಾರಂ ತುಂಬುವ ಮೊದಲು ಕೋರ್ಸ್ ಲೀಡರ್‌ಗೆ ಮೇಲ್ ಹಾಕಿ. ಫಾರಂನಲ್ಲಿ ಡಿಗ್ರಿ ಜಾಗ ಖಾಲಿ ಇದ್ದರೆ ಪತ್ರ ಓದುವವರ ಕೈಗೆ ಅರ್ಜಿ ಹೋಗದೆ ಇರಬಹುದು.