ನೋಟು ಮುದ್ರಣದ ಆದಾಯ ಎಲ್ಲಿಯವರೆಗೆ ಏರುತ್ತದೆ?

“ಹಣದುಬ್ಬರ ಏರಿದಷ್ಟೂ ಸರ್ಕಾರಕ್ಕೆ ನೋಟು ಮುದ್ರಣದಿಂದ ಬರುವ ಆದಾಯ, ಅಂದರೆ ಸೀನಿಯರೇಜ್, ಹೆಚ್ಚಬೇಕಲ್ಲವೇ? ಒಂದು ಹಂತದ ನಂತರ ಇಳಿಯುವುದೇಕೆ?”

ಇದನ್ನು ತೆರಿಗೆ ಅಂದುಕೊಳ್ಳಿ. ಹಣದುಬ್ಬರವೇ ಅದರ ದರ (π), ಜನ ಇಟ್ಟುಕೊಂಡ ಹಣದ ನೈಜ ಮೌಲ್ಯವೇ ಅದರ ಆಧಾರ (m). ದರ ಏರಿದರೆ ಜನ ನೋಟು ಇಟ್ಟುಕೊಳ್ಳುವುದನ್ನು ಕಡಿಮೆ ಮಾಡುತ್ತಾರೆ, ಆಧಾರ ಕರಗುತ್ತದೆ. ಅರ್ಥಶಾಸ್ತ್ರಜ್ಞ ಫಿಲಿಪ್ ಕೇಗನ್ ಸೂತ್ರದಲ್ಲಿ S ಎಂದರೆ ಸೀನಿಯರೇಜ್, A ಎಂದರೆ ಹಣದುಬ್ಬರ ಶೂನ್ಯವಿದ್ದಾಗಿನ m, α ಎಂದರೆ ಹಣದುಬ್ಬರಕ್ಕೆ ಜನ ಎಷ್ಟು ಬಲವಾಗಿ ಸ್ಪಂದಿಸುತ್ತಾರೆ ಎಂಬ ಅಳತೆ:

```
m = A·e^(−απ),  S = π·m
```

S ಗರಿಷ್ಠವಾಗುವುದು π = 1/α ಆದಾಗ. A = 100, α = 5 ತಿಂಗಳು ಇಟ್ಟು ನೋಡಿ: ತಿಂಗಳಿಗೆ 10% ಹಣದುಬ್ಬರದಲ್ಲಿ ಆದಾಯ 6.1, 20%ರಲ್ಲಿ 7.4, 40%ರಲ್ಲಿ ಬರೀ 5.4.

ಆದರೆ ಇದು ಜನರ ನಿರೀಕ್ಷೆಯೂ ವಾಸ್ತವವೂ ಒಂದಾಗಿರುವ ಸ್ಥಿರ ಸ್ಥಿತಿಯ ಲೆಕ್ಕ. ಜರ್ಮನಿಗೆ ಕೇಗನ್ ಕಂಡುಕೊಂಡ ಗರಿಷ್ಠ ಆದಾಯದ ದರ ತಿಂಗಳಿಗೆ ಸುಮಾರು 20%. 1922–23ರಲ್ಲಿ ಅಲ್ಲಿದ್ದ ಸರಾಸರಿ 322%! ನಿರೀಕ್ಷೆ ತಡವಾಗಿ ಬದಲಾಗುವುದರಿಂದ, ಮುದ್ರಣದ ವೇಗ ಹೆಚ್ಚಿಸುತ್ತಲೇ ಹೋದರೆ ಸ್ವಲ್ಪ ಕಾಲ ಆ ಮಿತಿಗಿಂತ ಹೆಚ್ಚು ಆದಾಯ ದಕ್ಕುತ್ತದೆ.