ಕೋರ್ಸಿನ ಶುಲ್ಕ ಕೇಳುವ ಪತ್ರದಲ್ಲಿ ಲಾಭದ ಲೆಕ್ಕ

"ಹೊಸೂರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ಸಿಕ್ಸ್ ಸಿಗ್ಮಾ ಗ್ರೀನ್ ಬೆಲ್ಟ್ ಕೋರ್ಸಿಗೆ 45,000 ರೂಪಾಯಿ, ಜಿಎಸ್‌ಟಿ ಬೇರೆ. ಕಂಪನಿಗೆ ಲಾಭವೆಂದು ಪತ್ರದಲ್ಲಿ ಹೇಗೆ ತೋರಿಸಲಿ?"

ಕೌಶಲ ಹೆಚ್ಚುತ್ತದೆ ಎಂಬ ಮಾತನ್ನು ಬಿಟ್ಟು, ನಿಮ್ಮದೇ ಲೈನಿನ ಒಂದು ರಿಜೆಕ್ಷನ್ ಸಮಸ್ಯೆಯನ್ನು ಕೋರ್ಸಿನ ಪ್ರಾಜೆಕ್ಟಾಗಿ ಹೆಸರಿಸಿ ಬರೆಯಿರಿ. ಉದಾಹರಣೆಗೆ, ತಿಂಗಳಿಗೆ 20,000 ಬುಶ್‌ಗಳಲ್ಲಿ ಒಳವ್ಯಾಸ ತಪ್ಪಿ 600 ತಿರಸ್ಕೃತವಾಗುತ್ತಿವೆ ಎಂದುಕೊಳ್ಳೋಣ. ಒಂದರ ತಯಾರಿಕಾ ವೆಚ್ಚ 180 ರೂಪಾಯಿ, ಗುಜರಿಗೆ ಹಾಕಿದರೆ ಬರುವುದು 40; ಆದ್ದರಿಂದ ನಿಜವಾದ ನಷ್ಟ 140. ನಾನು ಹಿಂದೊಮ್ಮೆ ಮಾರಾಟದ ಬೆಲೆಯನ್ನೇ ನಷ್ಟವೆಂದು ಹಿಡಿದಿದ್ದೆ. ಲೆಕ್ಕಪತ್ರ ವಿಭಾಗದವರು ಆ ಸಾಲಿಗೆ ಕೆಂಪು ಗೆರೆ ಎಳೆದು ಪತ್ರವನ್ನು ಹಿಂತಿರುಗಿಸಿದರು.

600ರಲ್ಲಿ 100 ಉಳಿಸುವೆನೆಂದಷ್ಟೇ ಹೇಳಿದರೂ ತಿಂಗಳಿಗೆ 14,000 ರೂಪಾಯಿ ಆಗುತ್ತದೆ. ವೆಚ್ಚದ ಕಡೆಗೆ ಶುಲ್ಕದ ಜೊತೆ ನೀವು ತರಗತಿಗೆ ಹೋಗುವ ಐದು ದಿನಗಳ ಸಂಬಳವನ್ನೂ, ಸುಮಾರು 10,000 ಎಂದು, ನೀವೇ ಸೇರಿಸಿಬಿಡಿ. ಅವರಾಗಿ ಕಂಡುಹಿಡಿದರೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ಒಟ್ಟು 55,000; ಸುಧಾರಣೆ ಜಾರಿಯಾದ ಮೇಲೆ ಸುಮಾರು ನಾಲ್ಕು ತಿಂಗಳಲ್ಲಿ ವಸೂಲಿ. ಬಿಲ್ಲು ಕಂಪನಿಯ ಹೆಸರು ಹಾಗೂ ಜಿಎಸ್‌ಟಿ ಸಂಖ್ಯೆಯಲ್ಲಿದ್ದರೆ ತೆರಿಗೆಯ ಭಾಗವನ್ನು ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ಟಾಗಿ ಪಡೆಯಬಹುದು, ಆದ್ದರಿಂದ ಮೊದಲು ನೀವೇ ಕಟ್ಟಿ ಆಮೇಲೆ ಕೇಳಬೇಡಿ.

ಕಳೆದ ಆರು ತಿಂಗಳ ರಿಜೆಕ್ಷನ್ ದಾಖಲೆಯನ್ನು ಲಗತ್ತಿಸಿ. ಒಂದು ವರ್ಷದೊಳಗೆ ಕೆಲಸ ಬಿಟ್ಟರೆ ಉಳಿದ ತಿಂಗಳುಗಳ ಪ್ರಮಾಣದಲ್ಲಿ ಶುಲ್ಕ ಹಿಂತಿರುಗಿಸುವೆನೆಂಬ ಒಂದು ವಾಕ್ಯವನ್ನೂ, ನಿಮಗೆ ಒಪ್ಪಿಗೆಯಿದ್ದರೆ, ಸೇರಿಸಿ.